ನೇತ್ರಕ್ಕನ ಇನ್ನೂರ ಹದಿನೆಂಟು ಸ್ಕ್ರೀನ್‌ಶಾಟು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಗೆರೆ ಇಲ್ಲದ ಹಾಳೆಯಲ್ಲಿ ಬರೆದರೆ ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೆ ಹತ್ತುತ್ತದೆ. ಒತ್ತಕ್ಷರ ಅಲ್ಲಲ್ಲಿ ತಪ್ಪಿರಬಹುದು. ಎರಡು ಸಲ ನೋಡಿದೆ. ಮೂರನೆಯ ಸಲ ನೋಡಿದಾಗ ಸರಿ ಇದ್ದದ್ದೂ ತಪ್ಪು ಅನ್ನಿಸತೊಡಗಿತು, ಅಲ್ಲಿಗೇ ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಹತ್ತಿರ ದೊಡ್ಡ ಮಾತುಗಳಿಲ್ಲ. ನಮ್ಮ ಬೀದಿಯ ನೇತ್ರಕ್ಕ ಹೇಳಿದ್ದನ್ನು, ಅವಳು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ.

ನೇತ್ರಕ್ಕ ಹುಟ್ಟಿದ್ದು ರಾಮನಾಥಪುರದಲ್ಲಿ. ಅವಳ ಅಪ್ಪ ಚನ್ನಬಸವಯ್ಯನವರಿಗೆ ಹೊಗೆಸೊಪ್ಪಿನ ಹರಾಜುಕಟ್ಟೆಯ ಹತ್ತಿರ ಗೋಣಿತಾಟು, ಸುತಳಿ ಮಾರುವ ಅಂಗಡಿ. ರೈತರು ಸೊಪ್ಪಿನ ಮೂಟೆ, ಅಂದರೆ ಬೇಲು, ಕಟ್ಟುವಾಗ ಮೇಲೆ ಅಂಟಿಸುವ ಚೀಟಿಗೆ ನಂಬರು ಬರೆಯಲು ಎಂಟು ವರ್ಷದ ನೇತ್ರಕ್ಕನನ್ನೇ ಕರೆಯುತ್ತಿದ್ದರು. ಏಳನ್ನು ಒಂದರಂತೆ ಬರೆದರೆ ಒಬ್ಬನ ಸೊಪ್ಪು ಇನ್ನೊಬ್ಬನ ಹೆಸರಿಗೆ ಹೋಗುತ್ತದೆ ಎಂದು ಅಪ್ಪ ಹೆದರಿಸಿದ್ದರು. ಆ ಹೆದರಿಕೆ ಅವಳಿಗೆ ಇವತ್ತಿಗೂ ಹೋಗಿಲ್ಲ. ಮದುವೆಯಾಗಿ ಹಳ್ಳಿಮೈಸೂರಿನ ಪಕ್ಕದ ನಮ್ಮ ಊರಿಗೆ ಬಂದ ಮೇಲೆ ಸಾರಿನ ಪುಡಿಯ ಡಬ್ಬಕ್ಕೂ ತಾರೀಕು ಬರೆದು ಅಂಟಿಸಿದಳು. ಅವಳ ಅತ್ತೆ ಬಸವಲಿಂಗಮ್ಮ ಅದನ್ನು ನೋಡಿ, "ಇದೇನವ್ವ, ನಮ್ಮನೆ ಮೆಣಸಿನ್ಪುಡಿಗೂ ಜಾತಕ ಬರಿಸ್ಬುಟ್ಟೆ," ಅಂದಿದ್ದರಂತೆ.

ಇಂಥವಳಿಗೆ ಸಮೀಕ್ಷೆಯ ಕೆಲಸ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ, ಬೇರೆ ಯಾರೂ ಒಪ್ಪದೆ ಉಳಿದಿತ್ತು ಅನ್ನಬೇಕು. ಕುಡಿಯುವ ನೀರಿನ ನಲ್ಲಿಯ ಸಮೀಕ್ಷೆ. ಮನೆ ಮನೆಗೆ ಹೋಗಿ ನಲ್ಲಿ ಇದೆಯೋ ಇಲ್ಲವೋ ನೋಡಿ, ಇಲಾಖೆ ಕೊಟ್ಟ ಟ್ಯಾಬ್‌ನಲ್ಲಿ ತುಂಬಬೇಕು. ಹದಿನಾಲ್ಕನೇ ಪ್ರಶ್ನೆ: ನಲ್ಲಿಯಲ್ಲಿ ನೀರು ಬರುತ್ತದೆಯೇ? ಅದಕ್ಕೆ ಎರಡು ಉತ್ತರ ಕೊಟ್ಟಿದ್ದರು. ಒಂದು 'ಹೌದು'. ಇನ್ನೊಂದು 'ಹೌದು, ಕೆಲವೊಮ್ಮೆ'. ಇಲ್ಲ ಅನ್ನುವ ಉತ್ತರದ ಅಗತ್ಯ ಇಲಾಖೆಗೆ ಕಂಡಿರಲಿಲ್ಲ.

ತರಬೇತಿ ಹಾಸನದಲ್ಲಿ ನಡೆಯಿತು. ಬೆಳಿಗ್ಗೆ ಹತ್ತಕ್ಕೆ ಅಂದರು, ಹನ್ನೆರಡಕ್ಕೆ ಶುರು ಮಾಡಿದರು, ಒಂದಕ್ಕೆ ಊಟ ಕೊಟ್ಟು ಕಳಿಸಿದರು. ಒಂದು ಮನೆಯ ವಿವರ ತುಂಬಿ ಕಳಿಸಿದ ಮೇಲೆ 'ಯಶಸ್ವಿಯಾಗಿ ಸಲ್ಲಿಸಲಾಗಿದೆ' ಎಂದು ಬಂದು, ಅದರ ಕೆಳಗೆ ಒಂದು ನಂಬರು ಕಾಣುತ್ತದೆ, ಎರಡೇ ಕ್ಷಣ ಇದ್ದು ಹೋಗುತ್ತದೆ. ಆ ನಂಬರನ್ನು ಏನು ಮಾಡಬೇಕು ಎಂದು ನೇತ್ರಕ್ಕ ಕೈ ಎತ್ತಿ ಕೇಳಿದಳು. ಬಂದಿದ್ದ ಅಧಿಕಾರಿ, "ಏನೂ ಮಾಡ್ಬೇಡಿ ಅಮ್ಮಾ, ಎಲ್ಲಾ ಸರ್ವರ್‌ನಲ್ಲಿ ಇರ್ತದೆ," ಎಂದರು. ಸರ್ವರ್ ಅಂದರೆ ಎಲ್ಲಿದೆ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಪವರ್ ಗುಂಡಿಯನ್ನೂ ಸೌಂಡು ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಚಿತ್ರ ಉಳಿಯುತ್ತದೆ ಎಂದು ಪಕ್ಕದಲ್ಲಿ ಕೂತಿದ್ದ ಚನ್ನರಾಯಪಟ್ಟಣದ ಕೋಮಲಾ ಹೇಳಿಕೊಟ್ಟಳು. ಹೇಳಿಕೊಟ್ಟವಳೇ ಆಮೇಲೆ ನಕ್ಕಳು.

"ಅಯ್ಯೋ, ಪ್ರತಿ ಮನೇಗೂ ತೆಗೀತೀಯಾ? ಏನಕ್ಕಾ, ನಲ್ಲಿಗೆಲ್ಲಾ ಮದುವೆ ಆಲ್ಬಂ ಮಾಡ್ಸ್ತೀಯಾ?"

ನೇತ್ರಕ್ಕ ಪ್ರತಿ ಮನೆಗೂ ತೆಗೆದಳು. ಎರಡು ಗುಂಡಿಯನ್ನು ಸರಿಯಾಗಿ ಒಟ್ಟಿಗೆ ಒತ್ತಲು ಕಲಿಯುವುದಕ್ಕೆ, ಸಮೀಕ್ಷೆ ಶುರುವಾಗುವ ಮುಂಚೆ ಮನೆಯಲ್ಲೇ ನಾಲ್ಕು ದಿನ ಬೇಕಾಯಿತು. ಮೊದಮೊದಲು ಟ್ಯಾಬು ಆಫ್ ಆಗುತ್ತಿತ್ತು, ಇಲ್ಲವೇ ಸೌಂಡು ಮಾತ್ರ ಸತ್ತುಹೋಗುತ್ತಿತ್ತು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಒತ್ತಿದ ಮೇಲೇ ಓಡಿದಳು. ಇಪ್ಪತ್ತಾರು ದಿನದಲ್ಲಿ ಇನ್ನೂರ ಹದಿನೆಂಟು ಮನೆ ಮುಗಿಯಿತು, ಇನ್ನೂರ ಹದಿನೆಂಟು ಸ್ಕ್ರೀನ್‌ಶಾಟೂ ಟ್ಯಾಬ್‌ನಲ್ಲಿ ಕೂತವು.

ಆಮೇಲೆ ಇಲಾಖೆಯವರು ಆ್ಯಪನ್ನು ಉತ್ತಮಪಡಿಸಿದರು. ಉತ್ತಮವಾದ ಮೇಲೆ ನೇತ್ರಕ್ಕನ ಇನ್ನೂರ ಹದಿನೆಂಟು ಮನೆಗಳಲ್ಲಿ ನಲವತ್ತಾರು ಮಾತ್ರ ಪಟ್ಟಿಯಲ್ಲಿ ಉಳಿದವು. ನೂರ ಎಪ್ಪತ್ತೆರಡು ಮನೆ ನೀರಿನ ಸಮೇತ ಮಾಯವಾದವು.

ಸಮೀಕ್ಷೆಯ ಗುಂಪಿಗೆ ಬಂದ ಸಂದೇಶವನ್ನು ಅವಳ ಗಂಡ ಸಿದ್ದೇಶ್ವರ ಸಂಜೆ ಅಂಗಡಿ ಮುಚ್ಚಿ ಬಂದು ಓದಿ ಹೇಳಿದ. ಆ ಮನೆಗೆ ಇರುವುದು ಒಂದೇ ಸ್ಮಾರ್ಟ್‌ಫೋನು, ಅದು ಹಗಲೆಲ್ಲಾ ಅವನ ಬೀಜ-ಗೊಬ್ಬರದ ಅಂಗಡಿಯಲ್ಲೇ ಇರುತ್ತದೆ. ನೇತ್ರಕ್ಕನ ಕೈಯಲ್ಲಿರುವುದು ಗುಂಡಿ ಒತ್ತುವ ಹಳೇ ಫೋನು. ಸಂದೇಶ ಬರೆದಿದ್ದವರು ಹೊಳೆನರಸೀಪುರದ ಮೇಲ್ವಿಚಾರಕ ಧರ್ಮೇಂದ್ರ ಸಾರ್. ಮನೆಗಳು ಕಡಿಮೆ ಬಂದಿರುವವರು ಗುರುವಾರ ಸಂಜೆ ನಾಲ್ಕರೊಳಗೆ ಸ್ಕ್ರೀನ್‌ಶಾಟ್ ಸಾಕ್ಷಿಯನ್ನು ಕಚೇರಿಯ ಕಂಪ್ಯೂಟರಿಗೆ ಹಾಕಬೇಕು. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ನಂಬರು ಮಸುಕಾಗುವುದರಿಂದ ಅದು ನಡೆಯುವುದಿಲ್ಲ. ನಾಲ್ಕು ಗಂಟೆಗೆ ಟ್ಯಾಬುಗಳೆಲ್ಲ ಹಾಸನಕ್ಕೆ ವಾಪಸ್ ಹೋಗುತ್ತವೆ, ಅಲ್ಲಿ ಎಲ್ಲವನ್ನೂ ಅಳಿಸಲಾಗುತ್ತದೆ. ಸಾಕ್ಷಿ ಕೊಡದವರನ್ನು 'ಮನೆಯಲ್ಲಿ ಕುಳಿತು ತುಂಬಿದವರು' ಎಂದು ಪರಿಗಣಿಸಿ, ಹೆಸರನ್ನು ಪಂಚಾಯಿತಿಯ ಬೋರ್ಡಿಗೆ ಹಾಕಲಾಗುವುದು.

ಮನೆಯಲ್ಲಿ ಕುಳಿತು ತುಂಬಿದವರು. ಆ ಮೂರು ಪದ ನೇತ್ರಕ್ಕನ ಎದೆಗೆ ನಾಟಿದವು. ಅವಳ ಚಪ್ಪಲಿ ಎರಡು ಸಲ ಕಿತ್ತುಹೋಗಿತ್ತು. ಊರಿನ ಅಷ್ಟೂ ಜನ ಓಡಾಡುವ ಬೋರ್ಡಿನಲ್ಲಿ, ಅಪ್ಪ ಕಲಿಸಿದ ಅಕ್ಷರದಲ್ಲಿ ಒಂದೂ ತಪ್ಪು ಮಾಡದವಳ ಹೆಸರು ಸುಳ್ಳುಗಾತಿ ಎಂದು ನೇತಾಡಬೇಕು.

ಗುರುವಾರ ಹತ್ತೂವರೆಗೆ ಹೊಳೆನರಸೀಪುರದ ಕಚೇರಿಯಲ್ಲಿ ಇದ್ದಳು. ಕಂಪ್ಯೂಟರ್ ಆಪರೇಟರ್ ನಂಜುಂಡೇಶ್ ಹನ್ನೊಂದೂ ಹತ್ತಕ್ಕೆ ಬಂದು, ಕಂಪ್ಯೂಟರಿಗೆ ಮೊದಲು ಊದಿನಕಡ್ಡಿ ಹಚ್ಚಿ, ಆಮೇಲೆ ಸ್ವಿಚ್ ಹಾಕಿದ.

"ಎಷ್ಟವೆ ಮೇಡಂ?"

"ಇನ್ನೂರ ಹದಿನೆಂಟು ಸಾ."

"ಅಷ್ಟೂ ತೆಗ್ದಿದೀರಾ? ಬೇರೆಯೋರು ಐದು ಆರು ತಂದವ್ರೆ. ಕೆಲಸ ಇಲ್ವಾ ನಿಮ್ಗೆ?"

ಇದೇ ಕೆಲಸ ಎಂದು ಮನಸ್ಸಿನಲ್ಲೇ ಅಂದುಕೊಂಡು ಟ್ಯಾಬನ್ನು ಮೇಜಿನ ಮೇಲಿಟ್ಟಳು. ಅವನು ಡ್ರಾಯರಿನಿಂದ ಒಂದು ಕೇಬಲ್ ತೆಗೆದು ಒಂದು ತುದಿಯನ್ನು ಟ್ಯಾಬಿಗೆ, ಇನ್ನೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಟ್ಯಾಬ್‌ನಲ್ಲಿ ಚಾರ್ಜಿನ ಗುರುತು ಒಮ್ಮೆ ಬಂತು, ಒಮ್ಮೆ ಹೋಯಿತು. ಕಂಪ್ಯೂಟರು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಕೂತಿತ್ತು.

"ಇದು ಬರೀ ಚಾರ್ಜಿಂಗ್ ಕೇಬಲ್ ಕಣ್ರೀ. ಒಳಗೆ ಕರೆಂಟಿನ ತಂತಿ ಮಾತ್ರ ಇರ್ತದೆ, ಡೇಟಾ ತಂತಿ ಇರಲ್ಲ. ಡೇಟಾ ಕೇಬಲ್ ತನ್ನಿ."

"ಕಚೇರೀಲಿ ಇಲ್ವಾ ಸಾ?"

"ಇಂಡೆಂಟ್ ಹಾಕಿದೀವಿ. ಹೋದ ವರ್ಷ."

ಬಸ್‌ಸ್ಟ್ಯಾಂಡಿನ ಎದುರು ನಟರಾಜ್ ಎಂಬವನ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತಾನೆ, ಫೋನು ರಿಪೇರಿ ಮಾಡುತ್ತಾನೆ, ಹಳೇ ಫೋನು ಮಾರುತ್ತಾನೆ, ಕೇಬಲ್ಲೂ ಇಟ್ಟಿದ್ದಾನೆ. ನೇತ್ರಕ್ಕ ಡೇಟಾ ಕೇಬಲ್ಲೇ ಎಂದು ಮೂರು ಸಲ ಕೇಳಿ, ಅವನು ತನ್ನ ಫೋನಿಗೆ ಹಾಕಿ ತೋರಿಸಿದ ಮೇಲೇ ತಂದಳು. ಕಚೇರಿಗೆ ಬಂದು ಹಾಕಿದರೆ ಅದೇ ಕಥೆ. ಸಿಕ್ಕಿಸಿದ ಮೇಲೆ ಟ್ಯಾಬಿನ ಮೇಲ್ಭಾಗದಿಂದ ಒಂದು ಸೂಚನೆ ಇಳಿಯಬೇಕು, ಅದನ್ನು ಒತ್ತಿ 'ಫೈಲ್ ವರ್ಗಾವಣೆ' ಎಂದು ಆರಿಸಬೇಕು, ಆಗ ಕಂಪ್ಯೂಟರಿಗೆ ಟ್ಯಾಬ್ ಕಾಣುತ್ತದೆ ಎಂದು ನಂಜುಂಡೇಶ್ ವಿವರಿಸಿದ. ಸೂಚನೆ ಇಳಿಯಲಿಲ್ಲ. ಅವನು ಕೇಬಲ್ಲನ್ನು ಬೈದ, ಟ್ಯಾಬನ್ನು ಬೈದ, ಕೊನೆಗೆ ನೇತ್ರಕ್ಕನ ಕಡೆ ನೋಡಿ, ಅವಳನ್ನು ಬೈಯುವುದು ಸರಿಯಾಗುವುದಿಲ್ಲವೆಂದು ಚೀನಾ ದೇಶವನ್ನು ಬೈದ.

"ಸಾ, ನಿಮ್ಮ ಫೋನಿಗೆ ಹತ್ತಿರದಿಂದ ಕಳಿಸ್ಬಹುದಂತಲ್ಲ? ಕೇಬಲ್ ಇಲ್ದಂಗೆ? ನಟರಾಜಣ್ಣ ಅಂದ. ಆಮೇಲೆ ನಿಮ್ಮ ಫೋನಿಂದ ಕಂಪ್ಯೂಟರಿಗೆ..."

"ಬ್ಯಾಡ ಬ್ಯಾಡ. ನನ್ನ ಫೋನು ಸ್ವಂತದ್ದು. ಇಲಾಖೆ ಡೇಟಾ ಅದ್ರೊಳಗೆ ಬಂದ್ರೆ ನಾಳೆ ವಿಚಾರಣೆ ನನ್ನ ತಲೆ ಮೇಲೆ. ಈ ಕಂಪ್ಯೂಟರಿಗೆ ನೇರವಾಗಿ ಕಳಿಸೋಕೆ ಬ್ಲೂಟೂತೇ ಇಲ್ಲ. ಇದ್ರೂ ಹತ್ತಿರದಿಂದ ಕಳಿಸೋ ಆ ಕ್ವಿಕ್ ಶೇರ್ ಹಾಕೋಕೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡು ಹಾಸನದಲ್ಲಿದೆ. ಕ್ಲೌಡಿಗೆ ಹಾಕ್ಬುಡಿ, ಅದು ಮರ್ಯಾದಸ್ಥರ ದಾರಿ."

ಕ್ಲೌಡ್ ಅಂದರೆ ಮೋಡ ಎಂದು ನೇತ್ರಕ್ಕನಿಗೆ ಗೊತ್ತಿತ್ತು. ಇಷ್ಟು ದಿನ ನಲ್ಲಿಯ ನೀರಿನ ಲೆಕ್ಕ ಮಾಡಿ ಕೊನೆಗೆ ಮೋಡಕ್ಕೇ ಬಂದು ನಿಂತದ್ದು ಅವಳಿಗೆ ವಿಚಿತ್ರ ಅನ್ನಿಸಿತು. ನಂಜುಂಡೇಶ್ ಟ್ಯಾಬಿನ ಫೋಟೋ ಆ್ಯಪ್ ತೆರೆದ. 'ಬ್ಯಾಕಪ್ ಪೂರ್ಣಗೊಂಡಿದೆ' ಎಂದಿತ್ತು.

"ನೋಡಿ, ಎಲ್ಲಾ ಆಗ್ಲೇ ಮೇಲೆ ಹೋಗಿದೆ! ನೀವು ಸುಮ್ನೆ ಓಡಾಡ್ತಿದೀರಿ."

ಕಂಪ್ಯೂಟರಿನಲ್ಲಿ ಆ ಖಾತೆ ಮೊದಲೇ ತೆರೆದಿತ್ತು. ತಾಲ್ಲೂಕಿನ ನಲವತ್ತು ಟ್ಯಾಬಿಗೂ ಅದೊಂದೇ ಖಾತೆ. ನೋಡಿದರೆ ನಲ್ಲಿಗಳ ಫೋಟೋ ಸಾವಿರಗಟ್ಟಲೆ ಇದ್ದವು, ಯಾರೋ ಒಬ್ಬರ ಹೋತದ ಫೋಟೋ ಎಂಟು ಇದ್ದವು, ಸ್ಕ್ರೀನ್‌ಶಾಟ್ ಒಂದೂ ಇರಲಿಲ್ಲ. ಕ್ಯಾಮೆರಾದಲ್ಲಿ ತೆಗೆದದ್ದು ತಾನಾಗಿ ಹೋಗುತ್ತದೆ, ಸ್ಕ್ರೀನ್‌ಶಾಟಿನ ಫೋಲ್ಡರನ್ನು ಬೇರೆಯಾಗಿ ಆನ್ ಮಾಡಬೇಕು. ಇದನ್ನು ಕಂಡುಹಿಡಿದದ್ದು ನೇತ್ರಕ್ಕ. ಆ್ಯಪಿನಲ್ಲಿ ಇರುವ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು, ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಂಜುಂಡೇಶ್ ಎರಡು ಟೀ ಕುಡಿದಿದ್ದ.

ಅವಳು ಆ ಫೋಲ್ಡರನ್ನು ಆನ್ ಮಾಡಿದಳು. ಪರದೆಯ ಮೇಲಿನ ಚಕ್ರ ಒಂದು ಸುತ್ತು ಸುತ್ತಿ ನಿಂತು, ಸಂಗ್ರಹದ ಜಾಗ ತುಂಬಿದೆ ಎಂದಿತು.

"ನಲ್ಲೀಲಿ ನೀರು ಇಲ್ದೆ ಇದ್ರೂ ಮೋಡ ಮಾತ್ರ ತುಂಬ್ಕೊಂಡಿದೆ," ಎಂದ ನಂಜುಂಡೇಶ್. ತನ್ನ ಮಾತಿಗೆ ತಾನೇ ನಕ್ಕು ಊಟಕ್ಕೆ ಎದ್ದ.

"ಆ ಹೋತದ ಫೋಟೋ ಅಳಿಸಿದ್ರೆ ಜಾಗ ಆಗಲ್ವಾ ಸಾ?"

"ಅಳಿಸೋ ಅಧಿಕಾರ ನಮ್ಗಿಲ್ಲ ಮೇಡಂ. ಅದು ದಾಖಲೆ."

ಬೇರೆ ಖಾತೆ ಹಾಕಲು ಟ್ಯಾಬು ಬಿಡುವುದಿಲ್ಲ, ವಾಟ್ಸಾಪನ್ನೂ ಹಾಕಿಸಿಕೊಳ್ಳುವುದಿಲ್ಲ. ಆಗ ಗಂಟೆ ಎರಡು. ಟ್ಯಾಬಿನ ಚಾರ್ಜು ಹದಿನಾಲ್ಕಕ್ಕೆ ಇಳಿದಿತ್ತು. ಕೆಲವು ದಿನದಿಂದ ಅದು ಕೇಬಲ್ಲನ್ನು ಓರೆಯಾಗಿ ಒತ್ತಿಹಿಡಿದರೆ ಮಾತ್ರ ಚಾರ್ಜ್ ತಗೊಳ್ಳುತ್ತಿತ್ತು. ಇಲಾಖೆಯ ಸಾಮಾನು ಇರುವುದೇ ಹೀಗೆ ಎಂದುಕೊಂಡು, ಮನೆಯಲ್ಲಿ ಕೇಬಲಿನ ಕೆಳಗೆ ಮಡಿಸಿದ ರಟ್ಟು ಕೊಟ್ಟು ಹೇಗೋ ನಡೆಸಿದ್ದಳು.

ತಂದಿದ್ದ ಚಪಾತಿ ಡಬ್ಬಿಯಲ್ಲೇ ಉಳಿಯಿತು. ಮತ್ತೆ ನಟರಾಜನ ಅಂಗಡಿಗೆ ಓಡಿದಳು.

ನಟರಾಜ್ ಕೇಳಿದ ಕೂಡಲೇ ಹೇಳಿದ, "ಅಷ್ಟೇನಾ ಅಕ್ಕ? ನನ್ ಲ್ಯಾಪ್‌ಟಾಪಲ್ಲಿ ಕ್ವಿಕ್ ಶೇರ್ ಐತೆ. ಟ್ಯಾಬಿಂದ ಇದಕ್ಕೆ ಕಳ್ಸಿ, ನಾನು ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ. ಇಂಟರ್ನೆಟ್ಟೂ ಬ್ಯಾಡ. ಟ್ಯಾಬಲ್ಲಿ ಬ್ಲೂಟೂತು, ವೈಫೈ ಎರಡೂ ಆನ್ ಮಾಡಿ. ಎಲ್ಲಾ ಫೋಟೋ ಆರಿಸ್ಕೊಂಡು ಶೇರ್ ಒತ್ತಿ. ನನ್ನ ಹೆಸರು ಬತ್ತದೆ, ಅದನ್ನೊತ್ತಿ."

ಅಂಗಡಿಯಲ್ಲಿ ಪಹಣಿಗೆ ಕಾಯುತ್ತಿದ್ದವರು ನಾಲ್ಕೈದು ಜನ. ನಟರಾಜ್ ಜೆರಾಕ್ಸ್ ಮಿಷನ್ನಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯಲು ತಿರುಗಿದ. ನೇತ್ರಕ್ಕ ಒಂದೊಂದಾಗಿ ಹೇಳಿದಂತೆ ಮಾಡಿದಳು. ಪರದೆಯ ಮೇಲೆ ಎರಡು ಹೆಸರು ಬಂದವು. ಒಂದು ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಕಲೆಸಿದ ಗೋಜಲು. ಇನ್ನೊಂದು 'ನಟರಾಜ್'. ಅವಳು ಎರಡು ಸಲ ಓದಿಕೊಂಡು, ಅಂಗಡಿಯ ಬೋರ್ಡಿನ ಮೇಲಿದ್ದ ಹೆಸರನ್ನೂ ಒಮ್ಮೆ ನೋಡಿ, 'ನಟರಾಜ್' ಒತ್ತಿದಳು.

ಹೋಗತೊಡಗಿತು. ನಲವತ್ತು, ತೊಂಬತ್ತು, ನೂರ ಎಂಬತ್ತು. ಇನ್ನೂರ ಹದಿನೆಂಟೂ ಹೋಯಿತು ಎಂದು ಬಂದ ಮೇಲೆ ಉಸಿರು ಬಿಟ್ಟಳು. ಟ್ಯಾಬೂ ಉಸಿರು ಬಿಟ್ಟಿತು. ಪರದೆ ಕಪ್ಪಾಯಿತು.

"ಹೋಯ್ತಣ್ಣ, ಎಲ್ಲಾ ಬಂದವೆ ನೋಡಿ."

ನಟರಾಜ್ ಲ್ಯಾಪ್‌ಟಾಪ್ ನೋಡಿದ. "ಏನೂ ಬಂದಿಲ್ವಲ್ಲಕ್ಕ."

"ನಿಮ್ಮ ಹೆಸರೇ ಒತ್ತಿದೆ."

"ನನ್ನ ಹೆಸ್ರು..." ಎಂದವನು ಲ್ಯಾಪ್‌ಟಾಪಿನ ಸೆಟ್ಟಿಂಗ್ ತೆರೆದು ನೋಡಿ ಹಣೆ ಚಚ್ಚಿಕೊಂಡ. ಲ್ಯಾಪ್‌ಟಾಪಿಗೆ ಅವನು ಯಾವತ್ತೂ ಹೆಸರು ಇಟ್ಟೇ ಇರಲಿಲ್ಲ. ಆ ಗೋಜಲೇ ಅದರ ಹೆಸರು. "ಹಂಗಾದ್ರೆ ಆ ನಟರಾಜ್ ಯಾವನು? ನನ್ ಫೋನಲ್ಲಿ ಬ್ಲೂಟೂತ್ ಆಫ್ ಐತೆ..." ತಲೆ ಕೆರೆದುಕೊಂಡ, ಆಮೇಲೆ ಬಾಯಿ ತೆರೆದ. "ಅಯ್ಯೋ, ಗಿಡ್ಡಯ್ಯಣ್ಣ!"

ಮೂರು ತಿಂಗಳ ಹಿಂದೆ ತನ್ನ ಹಳೇ ಫೋನನ್ನು ಗಿಡ್ಡಯ್ಯ ಎಂಬ ರೈತನಿಗೆ ಮಾರಿದ್ದನಂತೆ. ಫೋನು ಹೋಯಿತು, ಅದರೊಳಗಿನ ಹೆಸರು ನಟರಾಜ್ ಆಗಿಯೇ ಉಳಿಯಿತು. ಸುತ್ತಮುತ್ತಲ ಯಾರು ಬೇಕಾದರೂ ಕಳಿಸಲಿ ಎಂದು ಆನ್ ಮಾಡಿಟ್ಟಿದ್ದನ್ನೂ ಬದಲಿಸಿರಲಿಲ್ಲ. ಆ ಗಿಡ್ಡಯ್ಯ ಈಗ ತಾನೇ ಪಹಣಿ ತಗೊಂಡು ಅರಕಲಗೂಡಿನ ಬಸ್ಸಿಗೆ ಹೋಗಿದ್ದ.

ನೇತ್ರಕ್ಕ ಟ್ಯಾಬಿಗೆ ಚಾರ್ಜ್ ಹಾಕಿ ನೋಡಿದಳು. ಓರೆಯಾಗಿ ಹಿಡಿದಳು, ನೆಟ್ಟಗೆ ಹಿಡಿದಳು, ಕಣ್ಣು ಮುಚ್ಚಿಕೊಂಡು ಹಿಡಿದಳು. ಏನೂ ಆಗಲಿಲ್ಲ. ಗಂಟೆ ಎರಡೂ ಐವತ್ತು. ಇಪ್ಪತ್ತಾರು ದಿನದ ಅವಳ ಓಡಾಟ ಈಗ ಒಬ್ಬ ಗುರುತಿಲ್ಲದ ಮನುಷ್ಯನ ಜೇಬಿನಲ್ಲಿ ಕೂತು ಅರಕಲಗೂಡಿಗೆ ಹೊರಟಿತ್ತು.

ಬಸ್ಸು ಇನ್ನೂ ನಿಂತಿತ್ತು. ಕಿಟಕಿ ಪಕ್ಕ ಕೂತಿದ್ದ ಅರವತ್ತರ ಗಿಡ್ಡಯ್ಯನನ್ನು ನಟರಾಜ್ ಹೇಳಿದ ಹಸಿರು ಟವಲ್ಲಿನಿಂದ ಗುರುತು ಹಿಡಿದು ಹತ್ತಿದಳು. ಗುರುತಿಲ್ಲದವರ ಹತ್ತಿರ ಮಾತಾಡುವುದು ಅವಳಿಗೆ ಕಷ್ಟ. ಆದರೂ ಮಾತಾಡಿದಳು.

"ಯಜಮಾನ್ರೇ, ನಿಮ್ಮ ಫೋನಿಗೆ ಈಗ ಫೋಟೋ ಬಂದವಾ?"

"ಬಂದವಲ್ಲ ಕಣವ್ವ! ಟಿಣ್ ಅಂತು. ಒಪ್ಕೋತೀರಾ ಅಂತ ಕೇಳ್ತು, ಒಪ್ಕೊಂಡೆ."

"ಯಾರದ್ದು ಅಂತ ನೋಡ್ಲಿಲ್ವಾ?"

"ಏನೋ ನಲ್ಲಿ, ಸರ್ಕಾರ ಅಂತ ಇತ್ತು. ಸರ್ಕಾರದೋರು ಕೊಟ್ಟುದ್ನ ಬ್ಯಾಡ ಅಂದ್ರೆ ಇರೋದೂ ಕಿತ್ಕೊಂಡೋಯ್ತಾರೆ ಅಂತ ಒತ್ಬುಟ್ಟೆ. ಯಾಕವ್ವ, ಅದ್ಯಾವ ಸ್ಕೀಮು?"

ಅವಳು ಎಲ್ಲವನ್ನೂ ಹೇಳಿದಳು. ಮನೆಯಲ್ಲಿ ಕೂತು ತುಂಬಿದವರು ಅನ್ನುವುದನ್ನು ಎರಡು ಸಲ ಹೇಳಿದಳು. ಬಸ್ಸಿನ ಅರ್ಧ ಜನ ಕಿವಿಗೊಟ್ಟು ಕೇಳುತ್ತಿದ್ದರು. ಗಿಡ್ಡಯ್ಯ ತನ್ನ ಸೀಟನ್ನು ನೋಡಿದ. ಕಿಟಕಿಯ ಸೀಟು, ಬಿಸಿಲಿಲ್ಲದ ಕಡೆಯದು.

"ನಂಗೆ ಒಂದು ಪಹಣಿ ಕೊಡಾಕೆ ನಾಕು ದಿನ ಸರ್ವರ್ ಇಲ್ಲ ಅಂದವ್ರೆ ಆ ಆಫೀಸ್ನೋರು. ಈಗ ಅವ್ರು ನಿನ್ನ ಸಾಕ್ಷಿ ಕೇಳ್ತಾವ್ರಾ?" ಎಂದು ಎದ್ದ. "ನಡಿಯವ್ವ. ಸರ್ವರ್ರು ನನ್ನ ಜೋಬಲ್ಲೇ ಐತೆ ಅಂತ ಒಂದ್ಸಲ ಏಳ್ಬುಟ್ಟು ಬತ್ತೀನಿ." ಕಂಡಕ್ಟರ್ ಕಡೆ ತಿರುಗಿ, "ಲೇ, ನನ್ನ ಸೀಟು ಯಾರ್ಗೂ ಕೊಡ್ಬ್ಯಾಡ ಕಣ್ಲಾ," ಎಂದ. ಕಂಡಕ್ಟರ್ ಅಷ್ಟೇ ಗಂಭೀರವಾಗಿ, "ಬಸ್ಸನ್ನೇ ಇಲ್ಲಿಟ್ಕೊಂಡು ಕಾಯ್ತೀನಿ ಓಗು," ಎಂದು ವಿಷಲ್ ಊದಿದ. ಬಸ್ಸು ಹೋಯಿತು.

ಕಚೇರಿಗೆ ಬಂದಾಗ ಮೂರೂ ಕಾಲು. ನಂಜುಂಡೇಶ್ ಊಟ ಮುಗಿಸಿ ಬಂದಿದ್ದ. ತನ್ನ ಫೋನಿಗೆ ಇಲಾಖೆಯ ಡೇಟಾ ಬರಬಾರದೆಂದವನು ಗಿಡ್ಡಯ್ಯನ ಫೋನಿಗೆ ಬಂದದ್ದಕ್ಕೆ ಏನೂ ಅನ್ನಲಿಲ್ಲ. ವಿಚಾರಣೆ ಆದರೆ ಗಿಡ್ಡಯ್ಯನ ತಲೆ ಮೇಲೆ ತಾನೇ. ನೇತ್ರಕ್ಕ ತಂದಿದ್ದ ಅದೇ ಕೇಬಲ್ಲನ್ನು ಆ ಫೋನಿಗೆ ಹಾಕಿದ. ಟಿಣ್ ಎಂದಿತು, ಸೂಚನೆ ಇಳಿಯಿತು.

"ಫೋನಿನ ಬೀಗ ತೆಗೀರಿ ತಾತ. ತೆಗೆದ್ರೇನೇ ಒಳಗಡೇದು ಕಂಪ್ಯೂಟರಿಗೆ ಕಾಣೋದು."

ಗಿಡ್ಡಯ್ಯ ಗೋಡೆ ಕಡೆ ತಿರುಗಿಕೊಂಡು, ಟವಲ್ ಮರೆ ಮಾಡಿ, ಪರದೆಯ ಮೇಲೆ ಗೆರೆ ಎಳೆದ. ನಂಜುಂಡೇಶ್ 'ಫೈಲ್ ವರ್ಗಾವಣೆ' ಆರಿಸಿದ. ಕಂಪ್ಯೂಟರಿನಲ್ಲಿ ಫೋನು ಕಾಣಿಸಿತು. ಡೌನ್‌ಲೋಡ್ ಫೋಲ್ಡರು ತೆರೆದರೆ ಇನ್ನೂರ ಹದಿನೆಂಟೂ ಅಲ್ಲಿದ್ದವು. ತೆಗೆದ ದಿನ, ಗಂಟೆ, ನಿಮಿಷ, ಕ್ಷಣ ಪ್ರತಿಯೊಂದರ ಹೆಸರಿನಲ್ಲೇ ಇತ್ತು. ಒಟ್ಟಿಗೆ ಆರಿಸಿ ಕಂಪ್ಯೂಟರಿನ ಹೊಸ ಫೋಲ್ಡರಿಗೆ ಹಾಕಿದ. ಎರಡು ನಿಮಿಷವೂ ಆಗಲಿಲ್ಲ.

"ಇಷ್ಟೇನಾ?" ಎಂದ ಗಿಡ್ಡಯ್ಯ. "ಇದುಕ್ಕಾ ನನ್ನ ಬಸ್ಸು ಓಗಿದ್ದು?"

"ಹಂಗಾದ್ರೆ ಕೇಬಲ್ ಸರಿಯಾಗೇ ಇದೆ," ಎಂದು ನಂಜುಂಡೇಶ್ ಟ್ಯಾಬನ್ನು ಕೈಗೆತ್ತಿಕೊಂಡ. ಅದರ ಕಿಂಡಿಗೆ ಟಾರ್ಚ್ ಬಿಟ್ಟು ಇಣುಕಿದ. "ಒಳಗೆ ಏನೋ ಹಳದಿ ಕಟ್ಕೊಂಡಿದೆ ಮೇಡಂ." ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದ. ಪುಡಿ ಉದುರಿತು. ಮೂಸಿದ. "ಇದು ಗಂಧ ಅಲ್ವಾ?"

ನೇತ್ರಕ್ಕನ ಮುಖ ಕೆಂಪಾಯಿತು. ಆಯುಧಪೂಜೆಯ ದಿನ ಅತ್ತೆ ಬಸವಲಿಂಗಮ್ಮ ಕುಡುಗೋಲು, ತಕ್ಕಡಿ, ಮಿಕ್ಸಿ, ಸಿದ್ದೇಶ್ವರನ ಬೈಕು ಇವುಗಳ ಜೊತೆಗೆ ಸೊಸೆಯ ಟ್ಯಾಬನ್ನೂ ಮಣೆಯ ಮೇಲೆ ಇಟ್ಟಿದ್ದರು. ಪರದೆಗೆ ಅಡ್ಡಡ್ಡ ಮೂರು ಗೆರೆ ವಿಭೂತಿ. ಕ್ಯಾಮೆರಾ ಅದರ ಕಣ್ಣು ಎಂದು ಅಲ್ಲಿಗೊಂದು ಕುಂಕುಮದ ಬೊಟ್ಟು. ಚಾರ್ಜ್ ಹಾಕುವ ಕಿಂಡಿ? "ಅದು ಉಣ್ಣೋ ಬಾಯಿ ಅಲ್ವೇನವ್ವ," ಎಂದು ತೇಯ್ದ ಗಂಧವನ್ನು ಬೆರಳ ತುದಿಯಿಂದ ತುಂಬಿ ಇಟ್ಟಿದ್ದರು. ಹೊರಗಿನದನ್ನೆಲ್ಲ ನೇತ್ರಕ್ಕ ಒರೆಸಿದ್ದಳು. ಬಾಯೊಳಗೆ ಕೈ ಹಾಕಿ ನೋಡಬೇಕೆಂದು ತರಬೇತಿಯಲ್ಲಿ ಹೇಳಿರಲಿಲ್ಲ. ಒಣಗಿದ ಗಂಧ ಕೇಬಲ್ಲಿನ ತುದಿ ಪೂರ್ತಿ ಒಳಕ್ಕೆ ಕೂರದಂತೆ ತಡೆದಿತ್ತು, ಡೇಟಾ ಅತ್ತ ದಾಟದಂತೆ ಮಾಡಿ, ಕರೆಂಟನ್ನೂ ಅದೃಷ್ಟವಿದ್ದಾಗ ಮಾತ್ರ ಬಿಡುತ್ತಿತ್ತು.

"ನಮ್ಮತ್ತೆ... ಪೂಜೆ ಮಾಡಿದ್ರು ಸಾ."

"ಅದ್ಕೇ ಇಷ್ಟು ದಿನ ಕೆಟ್ಟಿರ್ಲಿಲ್ಲ ಕಣ್ರವ್ವ," ಎಂದ ಗಿಡ್ಡಯ್ಯ, ಅದನ್ನು ನಿಜವಾಗಿ ನಂಬಿ.

ಆಗಲೇ ಧರ್ಮೇಂದ್ರ ಸಾರ್ ಒಳಗೆ ಬಂದರು. ಗಂಟೆ ಮೂರೂ ನಲವತ್ತು. ಹಾಸನಕ್ಕೆ ಟ್ಯಾಬ್ ಒಯ್ಯುವ ಜೀಪು ಹೊರಗೆ ನಿಂತಿತ್ತು. ಇನ್ನೂರ ಹದಿನೆಂಟು ಎಂದು ಕೇಳಿ ಅವರು ಕುರ್ಚಿ ಎಳೆದುಕೊಂಡರು. ಅವರಿಗೆ ಖುಷಿಯಾದಂತೆ ಕಾಣಲಿಲ್ಲ. ಇಷ್ಟೊಂದು ಸಾಕ್ಷಿಯನ್ನು ಈಗ ಯಾರಾದರೂ ನೋಡಬೇಕಲ್ಲ.

"ಒಂದು ಪ್ರಿಂಟ್ ತೆಗಿ," ಎಂದರು. ತೆಗೆದ. ನಂಬರು ಸ್ಪಷ್ಟವಾಗಿತ್ತು. ಪಟ್ಟಿಯ ಕೊನೆಯಿಂದ ಇನ್ನೊಂದು ತೆಗಿ ಎಂದರು. ಅದೂ ಸ್ಪಷ್ಟ.

"ಪ್ರತಿ ಮನೆಗೂ ನೀವೇ ಹೋಗಿದ್ರೇನಮ್ಮ?"

"ಹೌದು ಸಾರ್."

"ಹತ್ತೂ ಹದಿನೈದಕ್ಕೆ ಒಂದು, ಹತ್ತೂ ಮೂವತ್ತೊಂದಕ್ಕೆ ಒಂದು, ಹತ್ತೂ ಐವತ್ತಕ್ಕೆ ಒಂದು..." ಫೈಲುಗಳ ಹೆಸರು ಓದುತ್ತಾ ಹೋದರು. ಮನೆಯಲ್ಲಿ ಕೂತು ತುಂಬಿದವರ ಫೈಲುಗಳು ನಿಮಿಷಕ್ಕೆ ಮೂರು ಬರುತ್ತವೆ ಎಂದು ಅವರಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಯಾರೂ ಕೇಳಲಿಲ್ಲ. "ಸರಿ. ಬೋರ್ಡಿನ ಲಿಸ್ಟಿಂದ ಇವರ ಹೆಸರು ತೆಗಿ ನಂಜುಂಡೇಶ."

ಲಿಸ್ಟ್ ಆಗಲೇ ಟೈಪ್ ಆಗಿ ಮೇಜಿನ ಮೇಲಿತ್ತು. ನಾಲ್ಕು ಗಂಟೆಯವರೆಗೆ ಕಾಯುತ್ತೇವೆಂದವರು ಬೆಳಿಗ್ಗೆಯೇ ಮುಗಿಸಿ ಇಟ್ಟಿದ್ದರು. ನಂಜುಂಡೇಶ್ ಅವಳ ಹೆಸರಿನ ಮೇಲೆ ಗೆರೆ ಎಳೆದ. ನೇತ್ರಕ್ಕ ಆ ಗೆರೆ ಪೂರ್ತಿ ಆಗುವವರೆಗೂ ನೋಡಿದಳು. ಅಲ್ಲಿಗೆ ಸುಮ್ಮನೆ ಎದ್ದು ಬರಬಹುದಿತ್ತು.

"ಸಾರ್, ಎಲ್ಲಾನೂ ಒಂದ್ಸಲ ನೋಡ್ಲಾ?" ಎಂದಳು.

"ಯಾಕಮ್ಮ? ಆಯ್ತಲ್ಲ!"

"ಇನ್ನೂ ಹದಿನೈದು ನಿಮಿಷ ಇದೆ ಸಾರ್."

ಒಂದೊಂದಾಗಿ ನೋಡಿದಳು. ನಂಜುಂಡೇಶ್ ಗೋಡೆ ಗಡಿಯಾರ ನೋಡಿದ. ಗಿಡ್ಡಯ್ಯ, ತನ್ನ ಫೋನಿನ ಮೂಲಕ ಬಂದವು ಎಂಬ ಅಭಿಮಾನದಿಂದ, ಪಕ್ಕದಲ್ಲಿ ನಿಂತು ತಾನೂ ನೋಡಿದ. ನೂರ ಮೂವತ್ತೊಂದನೆಯದರಲ್ಲಿ ನೇತ್ರಕ್ಕನ ಕೈ ನಿಂತಿತು. ಅದರಲ್ಲಿ 'ಸಲ್ಲಿಸಲಾಗಿದೆ' ಇರಲಿಲ್ಲ. 'ಸಲ್ಲಿಸಲಾಗುತ್ತಿದೆ' ಎಂದಿತ್ತು, ಸುತ್ತುವ ಗುರುತು ಮಾತ್ರ ಇತ್ತು, ನಂಬರು ಇರಲಿಲ್ಲ. ಅರ್ಧ ಕ್ಷಣ ಮುಂಚೆ ಒತ್ತಿಬಿಟ್ಟಿದ್ದಳು. ಕೆರೆ ಏರಿಯ ಹತ್ತಿರದ ಮಾದಮ್ಮನ ಮನೆ. ಅಲ್ಲಿ ನಾಯಿ ಇದೆ.

ಪಟ್ಟಿಯಲ್ಲಿ ಉಳಿದ ನಲವತ್ತಾರರಲ್ಲಿ ಆ ಮನೆ ಇದೆಯೇ ಎಂದು ನೋಡಿಸಿದಳು. ಇರಲಿಲ್ಲ.

"ಒಂದು ಮನೆ ತಾನೇ, ಬಿಡಮ್ಮ," ಎಂದರು ಧರ್ಮೇಂದ್ರ ಸಾರ್.

"ಅವರ ನಲ್ಲಿಗೆ ಒಂದು ದಿನವೂ ನೀರು ಬಂದಿಲ್ಲ ಸಾರ್. ಪಟ್ಟೀಲೂ ಇಲ್ದಿದ್ರೆ ಬರೋದೇ ಇಲ್ಲ."

ಅವರು ಕುರ್ಚಿಯಿಂದ ಎದ್ದರು. ಟ್ಯಾಬು ಜೀಪಿಗೆ ಹೋಗಿಯಾಗಿತ್ತು. ಬೀರುವಿನ ಕೆಳಗಿನ ಖಾನೆಯಿಂದ ಹಳೆಯ ಸಮೀಕ್ಷೆಯ ಒಂದು ಕಾಗದದ ಫಾರಂ ತೆಗೆದು ಧೂಳು ಕೊಡವಿ ಕೊಟ್ಟರು. "ಇದರಲ್ಲಿ ತುಂಬಿ, ಆ ಮನೆಯವರ ಸಹಿ ಹಾಕಿಸಿ ತನ್ನಿ. ಇದಕ್ಕೆ ಯಾವ ಕೇಬಲ್ಲೂ ಬ್ಯಾಡ." ಇಷ್ಟು ದಿನದಲ್ಲಿ ಇಲಾಖೆ ಆಡಿದ ಮೊದಲ ನಿಜವಾದ ಮಾತು ಅದು. ಆ ಹಳೇ ಫಾರಂನಲ್ಲಿ ಹದಿನಾಲ್ಕನೇ ಪ್ರಶ್ನೆಗೆ 'ಇಲ್ಲ' ಅನ್ನುವ ಉತ್ತರವೂ ಇತ್ತು.

ಹೊರಗೆ ಬಂದು ನೇತ್ರಕ್ಕ ಗಿಡ್ಡಯ್ಯನ ಫೋನಿನಿಂದ ಇನ್ನೂರ ಹದಿನೆಂಟನ್ನೂ ಅಳಿಸಿದಳು. ಆಮೇಲೆ ಸೆಟ್ಟಿಂಗಿಗೆ ಹೋಗಿ, ಗುರುತಿಲ್ಲದವರು ಕಳಿಸಿದ್ದು ಬಾರದಂತೆ ಮಾಡಿ, ನಟರಾಜ್ ಎಂಬ ಹೆಸರನ್ನು ತೆಗೆದು ಗಿಡ್ಡಯ್ಯ ಎಂದು ಬರೆದಳು. ಎರಡು ಸಲ ಓದಿ ಒತ್ತಕ್ಷರ ಸರಿಯಿದೆಯೇ ನೋಡಿದಳು.

"ಈಗ ಸರ್ಕಾರದೋರು ಏನಾರ ಕಳ್ಸಿದ್ರೆ ಬರಾಕಿಲ್ವಾ?" ಎಂದು ಅವನು ಕೇಳಿದ.

"ಇಲ್ಲ ಯಜಮಾನ್ರೇ."

"ಓಗ್ಲಿ ಬುಡು. ಇಷ್ಟ್ ದಿನಾನೂ ಏನೂ ಬಂದಿರ್ಲಿಲ್ಲ."

ಇಬ್ಬರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬೆಳಗಿನ ಚಪಾತಿ ಹಂಚಿಕೊಂಡು ತಿಂದರು. ಅವನ ಬಸ್ಸು ಮೊದಲು ಬಂತು.

ನೇತ್ರಕ್ಕ ಆ ಫಾರಂ ಮಡಿಕೆ ಬೀಳದಂತೆ ಹಳೇ ಕ್ಯಾಲೆಂಡರಿನ ರಟ್ಟುಗಳ ನಡುವೆ ಇಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮೇಲೆ ಮಾದಮ್ಮನ ಮನೆಗೆ ನಡೆದು ಹೋಗಿ, ಅದನ್ನು ತುಂಬಿ ಸಹಿ ಹಾಕಿಸಿಕೊಂಡು, ಒಂಬತ್ತೂವರೆ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋಗಿ ಕೊಟ್ಟು ಬರುತ್ತಾಳೆ.